ಬೇಲಿಗೆ ಸರಿಯಾಗಿ ನಕ್ಷೆ ಕತ್ತರಿಸಿ ಕೆಟ್ಟೆ

ಸಕಲೇಶಪುರದ ಕಡೆ ನಮ್ಮದು 12 ಎಕರೆ ಕಾಫಿ ತೋಟ. ಪ್ರತಿ ಮಳೆಗಾಲದಲ್ಲೂ ಒಂದಷ್ಟು ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಹೋಗುತ್ತಿದ್ದವು. ನೀರು ನಿಲ್ಲುವ ಮಣ್ಣಿನಲ್ಲಿ ಅದರ ಕಾಟ ಜಾಸ್ತಿ. ಬಸಿಗಾಲುವೆ ಎಲ್ಲಿ ತೋಡಬೇಕು ಅಂತ ನೋಡೋಣ ಎಂದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ, ನೀರು ಎಲ್ಲಿ ನಿಲ್ಲಬಹುದು ಅಂತ ಹೇಳುವ ಟಿಡಬ್ಲ್ಯೂಐ ಸೂಚ್ಯಂಕದ ಲೆಕ್ಕ ಹಾಕಿದೆ. ಒಂದು ಜಾಗಕ್ಕೆ ಮೇಲಿನಿಂದ ಎಷ್ಟು ನೀರು ಬರುತ್ತದೆ, ಅಲ್ಲಿ ಇಳಿಜಾರು ಎಷ್ಟಿದೆ, ಇವೆರಡೇ ಅದರ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ನೀರು ನಿಲ್ಲುವ ಸಾಧ್ಯತೆ ಜಾಸ್ತಿ.

ಒಂದೊಂದು ಚೌಕ 30 ಮೀಟರ್ ಅಗಲ ಇರುವ ಎತ್ತರದ ನಕ್ಷೆ ಇಳಿಸಿಕೊಂಡು, ಮೀಟರಿನಲ್ಲಿ ಅಳೆಯುವ EPSG:32643 ಪದ್ಧತಿಗೆ ಬದಲಿಸಿದೆ. ಹೀಗೆ ಬದಲಿಸದಿದ್ದರೆ ಅಡ್ಡ ಅಳತೆ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಉಳಿಯುತ್ತದೆ. ಆಗ ತೋಟವೆಲ್ಲ 89 ಡಿಗ್ರಿ ಗೋಡೆ! ಆಮೇಲೆ `r.watershed` ಎಂಬ ಸಾಧನದಿಂದ ಒಂದೊಂದು ಚೌಕಕ್ಕೆ ಎಷ್ಟು ಚೌಕಗಳ ನೀರು ಕೂಡುತ್ತದೆ ಅನ್ನೋ ಲೆಕ್ಕ ತೆಗೆದೆ, ಇಳಿಜಾರನ್ನು ಬೇರೆ ತೆಗೆದೆ, ಎರಡನ್ನೂ ರಾಸ್ಟರ್ ಕ್ಯಾಲ್ಕುಲೇಟರಿಗೆ ಹಾಕಿದೆ:

```
ln( ("acc@1" * 30) / tan( ("slope@1" + 0.1) * 0.01745 ) )
```

30 ಅಂದರೆ ಚೌಕದ ಅಗಲ. 0.01745 ಡಿಗ್ರಿಯನ್ನು ರೇಡಿಯನ್ ಮಾಡುತ್ತದೆ. ಮಟ್ಟಸ ಜಾಗದಲ್ಲಿ ಸೊನ್ನೆಯಿಂದ ಭಾಗಿಸುವ ಗೋಳು ಬೇಡ ಅಂತ 0.1 ಸೇರಿಸಿದ್ದು.

ಮೊದಲ ಸಲ ಬಂದ ನಕ್ಷೆಯಲ್ಲಿ ತೋಟದ ತಗ್ಗೇ ಖಾಲಿ! ಬಣ್ಣವೇ ಇಲ್ಲ. ಸುಮ್ನೆ ಅರ್ಧ ದಿನ ಸೂತ್ರ ತಿದ್ದುತ್ತಾ ಕೂತೆ. ತಪ್ಪು ಸೂತ್ರದಲ್ಲಿ ಇರಲೇ ಇಲ್ಲ, ಕಂಪ್ಯೂಟರಿಗೆ ಹಗುರವಾಗಲಿ ಅಂತ ನಾನು ಮೊದಲೇ ನಕ್ಷೆಯನ್ನು ಬೇಲಿಗೆ ಸರಿಯಾಗಿ ಕತ್ತರಿಸಿದ್ದೆ. ಮಳೆನೀರಿಗೆ ಬೇಲಿ ಗೊತ್ತಾ? ನಕ್ಷೆಯ ಆಚೆಯಿಂದ ನೀರು ಬರಬಹುದಾದ ಚೌಕಕ್ಕೆ `r.watershed` ಮೈನಸ್ ಸಂಖ್ಯೆ ಕೊಡುತ್ತದೆ, ಮೈನಸ್‌ಗೆ `ln` ಇಲ್ಲ, ಹಾಗಾಗಿ ಖಾಲಿ. ಮೇಲಿನ ಗುಡ್ಡದ ನೆತ್ತಿಯವರೆಗೂ ಸೇರಿಸಿ ಮತ್ತೆ ಓಡಿಸಿದೆ. ತಗ್ಗಿಗೆ 200 ಚೌಕಗಳ ನೀರು, ಇಳಿಜಾರು 3 ಡಿಗ್ರಿ, ಸೂಚ್ಯಂಕ 11.6. ದಿಣ್ಣೆಯ ಮೇಲೆ 2 ಚೌಕ, 15 ಡಿಗ್ರಿ, ಬರೀ 5.4. ನಮ್ಮ ಇಡೀ ತೋಟವೇ ಸುಮಾರು 54 ಚೌಕ, ಅಂದರೆ ತಗ್ಗಿನ ನೀರಿನ ಮುಕ್ಕಾಲು ಪಾಲು ಪಕ್ಕದವರ ಗುಡ್ಡದ್ದು.

ನಕ್ಷೆ ನಂಬಿ ಕಾಲುವೆ ತೋಡೋಕೆ ಆಗುತ್ತಾ? ಡಿಸೆಂಬರಿನಲ್ಲಿ ಆರು ಕಡೆ ಒಂದೂವರೆ ಅಡಿ ಗುಂಡಿ ತೆಗೆಸಿದೆ. ಐದು ಕಡೆ ನಕ್ಷೆ ಸರಿ. ತಗ್ಗಿನ ಮಣ್ಣು ಬೂದು ಬಣ್ಣ, ಹಿಂಡಿದರೆ ಕೈಗೆ ಅಂಟುತ್ತಿತ್ತು. ಆರನೆಯದು ಇಳಿಜಾರಿನ ಮಧ್ಯೆ, ಸೂಚ್ಯಂಕ 6, ಆದರೆ ಗಂಟೆಯೊಳಗೆ ಗುಂಡಿಯಲ್ಲಿ ನೀರು. ನಮ್ಮ ಮೇಸ್ತ್ರಿ ನಕ್ಕರು: "ಅಲ್ಲಿ ಒರತೆ ಇದೆಯಲ್ಲ ಸಾರ್, ನನ್ನ ಕೇಳಿದ್ರೆ ಆಗ್ತಿತ್ತು." ನಿಜವೇ, ಈ ಲೆಕ್ಕಕ್ಕೆ ನೆಲದ ಮೇಲಿನ ಆಕಾರ ಮಾತ್ರ ಗೊತ್ತು, ಒಳಗಿನ ಜೇಡಿ ಪದರ ಕಾಣುವುದಿಲ್ಲ. ಇನ್ನೊಂದು, ಇಂಥ ನಕ್ಷೆಗಳು ಹೆಚ್ಚಾಗಿ ಮರದ ತಲೆಯ ಎತ್ತರವನ್ನೂ ಸೇರಿಸಿಕೊಂಡಿರುತ್ತವೆ. ಸಿಲ್ವರ್ ಓಕ್ ಕಡಿದ ಜಾಗ ಅದಕ್ಕೆ ಹಳ್ಳದಂತೆ ಕಾಣಬಹುದು.

ಒಂದು ಚೌಕ ಅಂದರೆ ಸುಮಾರು 9 ಗುಂಟೆ. ಕಾಲುವೆಯ ಗೆರೆಯನ್ನು ಅದರಿಂದ ಎಳೆಯೋಕಾಗಲ್ಲ. ಕೊನೆಗೆ ಮೇಸ್ತ್ರಿ ಜೊತೆ ನಡೆದು, ತಗ್ಗಿನೊಳಗಲ್ಲ, ಮೇಲಿನ ಬೇಲಿಯ ಉದ್ದಕ್ಕೆ ನಮ್ಮ ಕಡೆ ಅಡ್ಡ ಕಾಲುವೆ ತೋಡಿಸಿ ಹಳ್ಳಕ್ಕೆ ಬಿಟ್ಟೆವು. ಒರತೆಗೆ ಬೇರೆ ಸಣ್ಣ ಕಾಲುವೆ.