ಪದೇ ಪದೇ ಹೊರಳುವ ಬಲಗಾಲು, ಜಗಲಿಯ ಮೇಲಿನ ಮೂರು ಗೆರೆ

ಮೊದಲ ಸಲ ಉಳುಕಿದ್ದು ವಾಲಿಬಾಲ್ ಆಡುವಾಗ. ಬ್ಲಾಕ್ ಮಾಡಲು ಹಾರಿ ಇಳಿಯುವಾಗ ನೆಟ್ ಕೆಳಗೆ ಎದುರು ತಂಡದವನ ಪಾದದ ಮೇಲೆ ನನ್ನ ಬಲಗಾಲು ಬಿತ್ತು. ಪಾದ ಒಳಕ್ಕೆ ಮಡಚಿಕೊಂಡಿತು. ಸಂಜೆಗೆಲ್ಲ ಪಾದದ ಕೀಲಿನ ಹೊರಗಡೆಯ ಮೂಳೆಯ ಸುತ್ತ ನಿಂಬೆಹಣ್ಣಿನಷ್ಟು ಊದಿತ್ತು. ಕೋಲಾರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದೆ. ಮೂಳೆ ಮುರಿದಿರಲಿಲ್ಲ, "ಬರೀ ಉಳುಕು" ಎಂದು ಕಳಿಸಿದರು. ಅಮ್ಮ ಎಣ್ಣೆ ಹಚ್ಚಿ ನೀವಿದರು. ಮೂರು ವಾರಕ್ಕೆ ನೋವು ಹೋಯಿತು, ನಾನೂ ಮರೆತೆ.

ಕಾಲು ಮರೆತಿರಲಿಲ್ಲ. ಮುಂದಿನ ಎರಡು ವರ್ಷದಲ್ಲಿ ಅದೇ ಕಾಲು ಎಷ್ಟು ಸಲ ಹೊರಳಿತೋ ಲೆಕ್ಕ ಇಟ್ಟಿಲ್ಲ. ಟೊಮೆಟೊ ಕ್ರೇಟ್ ಹೊತ್ತು ಬದುವಿನ ಮೇಲೆ ಬರುವಾಗ, ಅಂತರಗಂಗೆಯ ಮೆಟ್ಟಿಲು ಇಳಿಯುವಾಗ, ಕೊನೆಗೆ ಟೊಮೆಟೊ ಮಂಡಿಯ ಸಮತಟ್ಟಾದ ಸಿಮೆಂಟ್ ನೆಲದಲ್ಲೂ ಒಮ್ಮೆ. ಅಲ್ಲಿ ಕಲ್ಲೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ನಾನು ಮಾಡುತ್ತಿದ್ದ ಉಪಾಯ ಒಂದೇ: ಬೆಳಿಗ್ಗೆ ಎದ್ದು ಕ್ರೇಪ್ ಬ್ಯಾಂಡೇಜ್ ಸುತ್ತುವುದು, ರಾತ್ರಿ ಬಿಚ್ಚುವುದು. ಹಾಗೇ ಒಂದು ವರ್ಷ ಕಳೆಯಿತು.

ಆಮೇಲೆ ಹೋದದ್ದು ಫಿಸಿಯೋಥೆರಪಿ ಮೇಡಂ ಹತ್ತಿರ. ಅವರು ಕಾಲು ಮುಟ್ಟುವುದಕ್ಕೂ ಮೊದಲು, "ಚಪ್ಪಲಿ ಬಿಡಿ, ಬಲಗಾಲೊಂದರಲ್ಲೇ ನಿಂತು ಕಣ್ಣು ಮುಚ್ಚಿ" ಎಂದರು. ಆರು ಸೆಕೆಂಡಿಗೆ ಗೋಡೆ ಹಿಡಿದೆ. ಎಡಗಾಲಲ್ಲಿ ಇಪ್ಪತ್ತು ಸೆಕೆಂಡು ಆರಾಮಾಗಿ ನಿಂತೆ. ನನಗೇ ನಗು ಬಂತು.

ಅವರು ಹೇಳಿದ್ದು ಹೀಗೆ. ಕೀಲಿನ ಮೂಳೆಗಳನ್ನು ಕಟ್ಟಿಹಿಡಿಯುವ ಹೊರಗಡೆಯ ಲಿಗಮೆಂಟ್ ಬರೀ ಹಗ್ಗ ಅಲ್ಲ. ಪಾದ ಈಗ ಯಾವ ಕೋನದಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರದ ತುದಿಗಳೂ ಅದರಲ್ಲಿವೆ. ಹರಿದು ಮತ್ತೆ ಕೂಡಿಕೊಂಡಾಗ ಹಗ್ಗ ಸ್ವಲ್ಪ ಸಡಿಲವಾಗಬಹುದು, ಸುದ್ದಿ ಮುಟ್ಟುವುದೂ ತಡವಾಗಬಹುದು. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಸ್ನಾಯುಗಳು ಪಾದವನ್ನು ಹೊರಕ್ಕೆ ಎಳೆದು ಸರಿ ಮಾಡಬೇಕು. ಆದರೆ ಕಾಲು ಹೊರಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಹೊರಳಲು ಶುರುವಾದ ಮೇಲೆ ಸ್ನಾಯು ಎದ್ದರೆ ಹೊತ್ತು ಮೀರಿರುತ್ತದೆ. ಅದಕ್ಕೇ ಪಾದ ನೆಲ ಮುಟ್ಟುವ ಮೊದಲೇ ಆ ಸ್ನಾಯುಗಳು ಬಿಗಿಯಾಗಿ ಸಿದ್ಧವಿರಬೇಕು. ಬ್ಯಾಲೆನ್ಸ್ ವ್ಯಾಯಾಮ ಕಲಿಸುವುದು ಮುಖ್ಯವಾಗಿ ಅದನ್ನೇ.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಲು ಹೇಳಿದರು. ಮೊಣಕಾಲು ತಾಗುತ್ತಿರುವಷ್ಟು ಹೊತ್ತೂ ಪಾದವನ್ನು ಹಿಂದಕ್ಕೆ ಸರಿಸುತ್ತಾ ಹೋಗಬೇಕು. ಎಡಗಾಲಿನ ಹೆಬ್ಬೆರಳು ಗೋಡೆಯಿಂದ 11 ಸೆಂ.ಮೀ. ದೂರ ಇದ್ದಾಗಲೂ ಮೊಣಕಾಲು ತಾಗಿತು. ಬಲಗಾಲಿಗೆ 6 ಸೆಂ.ಮೀ. ದಾಟಲಿಲ್ಲ. ಅಂದರೆ ಪಕ್ಕಕ್ಕೆ ಸಡಿಲವಾಗಿದ್ದ ಕೀಲು ಮುಂದಕ್ಕೆ ಬಾಗುವಲ್ಲಿ ಬಿಗಿಯಾಗಿತ್ತು! ಮೆಟ್ಟಿಲು ಇಳಿಯುವಾಗಲೇ ಜಾಸ್ತಿ ಹೊರಳುತ್ತಿದ್ದುದಕ್ಕೆ ಇದೂ ಒಂದು ಕಾರಣ ಎಂದರು. ದಿನಾ ಎರಡು ಹೊತ್ತು ಅದೇ ಗೋಡೆಯ ಹತ್ತಿರ ಹದಿನೈದು ಸಲ ಮೊಣಕಾಲು ಮುಂದೂಡುವುದು ನನ್ನ ಮೊದಲ ಪಾಠವಾಯಿತು.

ಎರಡನೆಯದು ಜಗಲಿಯ ಮೇಲೆ. ರೆಡ್ ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದೆ: ಒಂದು ಮುಂದಕ್ಕೆ, ಎರಡು ಹಿಂದಕ್ಕೆ ಓರೆಯಾಗಿ. ನಡುವೆ ಬರಿಗಾಲಲ್ಲಿ ಬಲಗಾಲೂರಿ ನಿಂತು, ಎಡಗಾಲ ಬೆರಳಿನಿಂದ ಒಂದೊಂದು ಗೆರೆಯ ಮೇಲೂ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಮುಟ್ಟಿ ವಾಪಸ್ ಬರಬೇಕು. ಮುಟ್ಟುವ ಕಾಲಿನ ಮೇಲೆ ಭಾರ ಬಿಡುವಂತಿಲ್ಲ. ಮುಂದಿನ ಗೆರೆಯಲ್ಲಿ ಎರಡು ಕಾಲಿಗೂ 7 ಸೆಂ.ಮೀ. ವ್ಯತ್ಯಾಸ ಇತ್ತು. ಅದು 4ಕ್ಕಿಂತ ಕಡಿಮೆ ಆಗುವವರೆಗೆ ಆಟ ಬೇಡ ಎಂದರು ಮೇಡಂ.

ವಾರಕ್ಕೆ ಮೂರು ದಿನ ಮಾಡಿದೆ. ಮೊದಲು ಕಣ್ಣು ತೆರೆದು ಒಂಟಿಗಾಲಲ್ಲಿ 30 ಸೆಕೆಂಡು, ಮೂರು ಸಲ. ಅದು ಅಲುಗದೆ ಬಂದ ಮೇಲೆ ಕಣ್ಣು ಮುಚ್ಚಿ. ಆಮೇಲೆ ದಿಂಬಿನ ಮೇಲೆ. ಆಮೇಲೆ ಮಗಳು ಎಸೆದ ಚೆಂಡು ಹಿಡಿಯುತ್ತಾ. ಕೊನೆಗೆ ಒಂಟಿಗಾಲಲ್ಲಿ ಮುಂದಕ್ಕೆ, ಪಕ್ಕಕ್ಕೆ ಕುಪ್ಪಳಿಸಿ, ಇಳಿದ ಜಾಗದಲ್ಲೇ ಮೂರು ಸೆಕೆಂಡು ಗಟ್ಟಿಯಾಗಿ ನಿಲ್ಲುವುದು.

ನಾನು ಅವಸರ ಮಾಡಿದೆ. ನೆಲದ ಮೇಲೆ ನಿಲ್ಲುವುದು ಬೇಜಾರಾಗಿ ಎರಡನೇ ವಾರವೇ ದಿಂಬಿನ ಮೇಲೆ ಹತ್ತಿದೆ. ಮೇಡಂ ವಿಡಿಯೋ ಕರೆಯಲ್ಲಿ ನೋಡಿ, "ಬೆರಳು ನೋಡಿಕೊಳ್ಳಿ" ಎಂದರು. ಬೆರಳೆಲ್ಲ ಪಕ್ಷಿಯ ಉಗುರಿನ ಹಾಗೆ ದಿಂಬನ್ನು ಹಿಡಿದಿದ್ದವು, ಸೊಂಟ ಒಂದು ಕಡೆ ಜೋತುಬಿದ್ದಿತ್ತು. ಪಾದದ ಕೀಲು ಮಾಡಬೇಕಾದ ಕೆಲಸವನ್ನು ಬೆರಳು, ಸೊಂಟ ಮಾಡುತ್ತಿದ್ದವು. ಮಾರನೆಯ ದಿನ ಹೊರಬದಿ ಊದಿಕೊಂಡಿತ್ತು. ಮಾರನೆಯ ಬೆಳಿಗ್ಗೆ ಊತ ಕಂಡರೆ ಹಿಂದಿನ ದಿನ ಜಾಸ್ತಿ ಆಯಿತು ಅಂತಲೇ ಲೆಕ್ಕ. ಮತ್ತೆ ನೆಲಕ್ಕಿಳಿದೆ.

ಇನ್ನು ಬ್ರೇಸ್. ನನ್ನ ಕ್ರೇಪ್ ಬ್ಯಾಂಡೇಜ್ ನಡೆದಾಡುತ್ತಿದ್ದಂತೆ ಸಡಿಲವಾಗುತ್ತಿತ್ತು, ಪಾದ ಹೊರಳುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಬರೀ ಎಲಾಸ್ಟಿಕ್ ಸಾಕ್ಸ್‌ನದೂ ಹೆಚ್ಚುಕಡಿಮೆ ಅದೇ ಕಥೆ. ನಾನು ಕೊಂಡದ್ದು ಲೇಸ್ ಕಟ್ಟುವ, ಪಾದದ ಸುತ್ತ ಎಂಟರ ಆಕಾರದಲ್ಲಿ ಪಟ್ಟಿ ಬರುವ ಬ್ರೇಸ್. ಅದು ಪಾದ ಮೇಲೆ ಕೆಳಗೆ ಆಡಲು ಬಿಡುತ್ತದೆ, ಪಕ್ಕಕ್ಕೆ ಹೊರಳಲು ಅಡ್ಡ ಬರುತ್ತದೆ. ಮೊದಲ ದಿನ ಕಾಲು ನೀಡಿಕೊಂಡು ಕಟ್ಟಿದ್ದೆ, ಅರ್ಧ ಆಟಕ್ಕೇ ಸಡಿಲವಾಯಿತು. ಹಿಮ್ಮಡಿಯನ್ನು ಪೂರ್ತಿ ಹಿಂದಕ್ಕೆ ಒತ್ತಿ, ಪಾದವನ್ನು 90 ಡಿಗ್ರಿಗೆ ಮಡಚಿ, ಆಮೇಲೆ ಲೇಸ್ ಬಿಗಿಯಬೇಕು. ಸಾಕ್ಸ್ ಮೇಲೆಯೇ ಹಾಕಬೇಕು, ಇಲ್ಲದಿದ್ದರೆ ಚರ್ಮ ಕಿತ್ತುಬರುತ್ತದೆ.

"ಬ್ರೇಸ್ ಹಾಕಿಕೊಂಡರೆ ಕಾಲು ಸೋಮಾರಿ ಆಗುತ್ತೆ ಅಣ್ಣಾ" ಎಂದು ತಂಡದ ಹುಡುಗರು ಹೆದರಿಸಿದರು. ಮೇಡಂ ಒಪ್ಪಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಆಗತಾನೇ ಕಾಲು ಉಳುಕಿಸಿಕೊಂಡಿದ್ದ 384 ಆಟಗಾರರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವನ್ನು ಹೇಳಿದರು. ಒಂದು ಗುಂಪು ಎಂಟು ವಾರ ವ್ಯಾಯಾಮ ಮಾತ್ರ ಮಾಡಿತು. ಇನ್ನೊಂದು ಗುಂಪು ಒಂದು ವರ್ಷ ಆಟದ ಹೊತ್ತಿನಲ್ಲಿ ಬ್ರೇಸ್ ಹಾಕಿತು. ವರ್ಷದೊಳಗೆ ಮತ್ತೆ ಉಳುಕಿದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 27, ಬ್ರೇಸ್ ಗುಂಪಿನಲ್ಲಿ 15. ಆದರೆ ಉಳುಕಿದಾಗ ಅದರ ತೀವ್ರತೆಯನ್ನು ಬ್ರೇಸ್ ಕಡಿಮೆ ಮಾಡಲಿಲ್ಲ. ನನಗೆ ಎರಡೂ ಬೇಕಿತ್ತು. ಮೆಟ್ಟಿಲ ಮೇಲೆ, ಮಂಡಿಯಲ್ಲಿ, ಚಪ್ಪಲಿಯಲ್ಲಿ ಓಡಾಡುವಾಗ ಬ್ರೇಸ್ ಕಾಲಲ್ಲಿರುವುದಿಲ್ಲವಲ್ಲ. ಆದ್ದರಿಂದ ಆಟಕ್ಕೂ ಕೊಯ್ಲಿನ ದಿನಕ್ಕೂ ಬ್ರೇಸ್, ಮನೆಯಲ್ಲೂ ವ್ಯಾಯಾಮದಲ್ಲೂ ಬರಿಗಾಲು ಎಂದು ಗೊತ್ತುಮಾಡಿಕೊಂಡೆ.

ಇದು ಎಲ್ಲರಿಗೂ ಸಾಕಾಗುವುದಿಲ್ಲ. ನಮ್ಮ ತಂಡದ ಒಬ್ಬ ಹುಡುಗ ಇದೇ ವ್ಯಾಯಾಮ ಮೂರು ತಿಂಗಳು ಮಾಡಿದ. ಆದರೂ ಕೀಲಿನ ಒಳಗೆ ಆಳದಲ್ಲಿ ನೋವು, ಆಗಾಗ ಏನೋ ಸಿಕ್ಕಿಹಾಕಿಕೊಂಡ ಹಾಗೆ ಲಾಕ್ ಆಗುವುದು. ಎಂಆರ್‌ಐ ಮಾಡಿಸಿದಾಗ ಕೀಲಿನ ಮೃದ್ವಸ್ಥಿಗೆ ಪೆಟ್ಟಾಗಿರುವುದು ಗೊತ್ತಾಯಿತು. ಅವನು ಈಗ ಮೂಳೆ ಡಾಕ್ಟರ ಹತ್ತಿರ ತೋರಿಸುತ್ತಿದ್ದಾನೆ. ಹೊಸದಾಗಿ ಉಳುಕಿದಾಗ ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ, ಪಕ್ಕದ ಮೂಳೆಯನ್ನೇ ಒತ್ತಿದಾಗ ನೋವಿದ್ದರೆ, ನೀವುವುದಕ್ಕೆ ಮೊದಲು ಎಕ್ಸ್‌ರೇ.

ನನಗೆ ಆಟಕ್ಕೆ ಮರಳಲು ಹತ್ತು ವಾರ ಹಿಡಿಯಿತು. ಈಗ ಗೋಡೆಯಿಂದ 10 ಸೆಂ.ಮೀ. ಬರುತ್ತದೆ, ಮುಂದಿನ ಗೆರೆಯ ವ್ಯತ್ಯಾಸ 2ಕ್ಕಿಳಿದಿದೆ. ಆಮೇಲೆ ಒಂದೇ ಸಲ ಹೊರಳಿತು, ಅದೂ ಬ್ರೇಸ್ ಇದ್ದಾಗಲೇ, ನೆಟ್ ಕೆಳಗೇ. ಮಾರನೆಯ ದಿನ ಊತ ಇರಲಿಲ್ಲ. ಜಗಲಿಯ ಮೂರು ಗೆರೆಗೆ ಮಗಳು ಇನ್ನಷ್ಟು ಗೆರೆ ಸೇರಿಸಿ ಕುಂಟೆಬಿಲ್ಲೆ ಮನೆ ಬರೆದಿದ್ದಾಳೆ. ಸಂಜೆ ಅವಳ ಜೊತೆ ನಾನೂ ಬಲಗಾಲಲ್ಲಿ ಕುಂಟುತ್ತೇನೆ. ದಿನವಿಡೀ ಕ್ರೇಟ್ ಹೊತ್ತು ಬಂದ ದಿನ ಐದನೇ ಮನೆಯಲ್ಲಿ ಕಾಲು ಇನ್ನೂ ಅಲುಗುತ್ತದೆ. "ಅಪ್ಪಾ, ಔಟ್!" ಎನ್ನುತ್ತಾಳೆ.