ಜಗಳವಲ್ಲ, ಆಲೆಮನೆಯ ಗಂಟಲು

ಪಾಂಡವಪುರದ ಕಡೆ ಆಲೆಮನೆ ನಡೆಸುವ ನಮ್ಮ ಸೋದರಮಾವ ಬ್ಯಾಂಕಿಗೆ ಹೋಗಿ, "ಸಾರ್, ನನ್ನ ಸಾಲದ ಅರ್ಜಿ ಏನಾಯಿತು?" ಎಂದು ಕೇಳಿದರು. ಅಧಿಕಾರಿ ಮುಖ ಗಂಟಿಕ್ಕಿಕೊಂಡು, "ಯಾಕೆ ಕೂಗಾಡುತ್ತೀರಿ?" ಎಂದರು. ಮಾವ ಕೂಗಾಡಿರಲಿಲ್ಲ. ಗಾಣದ ಸದ್ದಿನ ಪಕ್ಕದಲ್ಲಿ ಇಪ್ಪತ್ತು ವರ್ಷ ಮಾತಾಡಿದ ಗಂಟಲು ಅದು.

ಸುತ್ತ ಗದ್ದಲವಿದ್ದರೆ ನಮಗೆ ಅರಿವಿಲ್ಲದೆಯೇ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಲೊಂಬಾರ್ ಪರಿಣಾಮವೆಂದೇ ಹೆಸರು. ತೊಡಕಿರುವುದು ಇಲ್ಲಿ: ದನಿ ಜೋರು ಮಾಡಲು ಶ್ವಾಸಕೋಶದ ಗಾಳಿಯನ್ನು ಹೆಚ್ಚು ಒತ್ತಡದಿಂದ ದೂಡಬೇಕು, ಆಗ ಧ್ವನಿತಂತುಗಳು ಬಿಗಿಯಾಗಿ ಸ್ವರವೂ ಮೇಲೇರುತ್ತದೆ. ಸಿಟ್ಟು ಬಂದಾಗಲೂ ಆಗುವುದು ಇದೇ. ಕೇಳುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ದನಿ ತಿದ್ದಿಕೊಳ್ಳಲು ಮೊದಲು ನೀವು ಕೇಳಬೇಕಾದ ಒಂದು ವಾಕ್ಯವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ನಿಮ್ಮ ದನಿ ತೆಳುವಾಗಿ, ಯಾರದೋ ಎಂಬಂತೆ ಕೇಳಿಸಿದರೆ ಗಾಬರಿ ಬೇಡ. ಮಾತಾಡುವಾಗ ತಲೆಯ ಮೂಳೆಗಳ ಮೂಲಕ ಒಳಗಿವಿಗೆ ತಲುಪುವ ಭಾಗ ರೆಕಾರ್ಡಿನಲ್ಲಿ ಇರುವುದಿಲ್ಲ. ಮಾವನ ವಾಕ್ಯವನ್ನು ಬಿಡಿಸಿ ಉಚ್ಚರಿಸಿದರೆ ಹನ್ನೆರಡು ತುಂಡುಗಳು. ಅವರು ಎರಡು ಸೆಕೆಂಡಿನೊಳಗೆ ಮುಗಿಸಿದ್ದರು. "ಸಾರ್" ಎಂದು ಒಂದು ಉಸಿರು ನಿಂತು, ಉಳಿದದ್ದನ್ನು ಮೂರು ಸೆಕೆಂಡಿಗೆ ಹರಡಿಸಿದೆವು. ಆ ಸಣ್ಣ ನಿಲುಗಡೆಯಲ್ಲಿ ಎದುರಿನವರು ತಲೆಯೆತ್ತಿ ನೋಡಲು ಸಮಯ ಸಿಗುತ್ತದೆ. ಅದಕ್ಕಿಂತ ನಿಧಾನ ಮಾಡಿದರೆ ಮಗುವಿಗೆ ಪಾಠ ಹೇಳಿದಂತಾಗುತ್ತದೆ, ಅದೂ ಮರ್ಯಾದೆಯಲ್ಲ.

ನಂತರ ವಾಕ್ಯದ ತುದಿ. "ಏನಾಯಿತು" ಎಂಬುದರ "ನಾ" ಅಕ್ಷರವನ್ನು ಎಳೆದು ಏರಿಸಿದರೆ ಲೆಕ್ಕ ಕೇಳಿದಂತೆ, ಮೆಲ್ಲನೆ ಇಳಿಸಿದರೆ ವಿಚಾರಿಸಿದಂತೆ. ಎರಡನ್ನೂ ರೆಕಾರ್ಡ್ ಮಾಡಿ ಒಂದರ ಹಿಂದೊಂದು ಕೇಳಿದಾಗ ಮಾವನೇ ನಕ್ಕರು.

ಜೋರನ್ನು ಮಾತ್ರ ಮೊಬೈಲಿನಿಂದ ಅಳೆಯಲು ಹೋಗಬೇಡಿ. ಅನೇಕ ಫೋನುಗಳು ಸಣ್ಣ ದನಿಯನ್ನು ತಾವೇ ಎತ್ತಿ, ದೊಡ್ಡದನ್ನು ತಗ್ಗಿಸಿಬಿಡುತ್ತವೆ. ಎದುರಿನವರ ದೇಹವನ್ನು ನೋಡಿ: ಕುರ್ಚಿಗೆ ಹಿಂದೆ ಒರಗಿದರೆ ನಿಮ್ಮ ದನಿ ಹೆಚ್ಚಾಗಿರಬಹುದು, ಕಿವಿ ಮುಂದೆ ತಂದರೆ ಕಡಿಮೆ. ಕೇಳಿಸಲಿಲ್ಲವೆಂದರೆ ದನಿ ಏರಿಸುವ ಬದಲು ಒಂದು ಹೆಜ್ಜೆ ಹತ್ತಿರ ಹೋಗಿ. ಬಯಲಿನಲ್ಲಿ ದೂರ ಅರ್ಧವಾದರೆ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ, ಸ್ವರ ಬಿಗಿಯಾಗಬೇಕಿಲ್ಲ. ಗದ್ದಲದಿಂದ ನೇರವಾಗಿ ಒಳಗೆ ಹೋದಿರಾದರೆ ಎರಡು ನಿಮಿಷ ಸುಮ್ಮನೆ ಕುಳಿತು ಕೋಣೆಯ ಸದ್ದಿಗೆ ಕಿವಿಗೊಡಿ.

ಇಷ್ಟಾದರೂ ದನಿ ತಗ್ಗದಿದ್ದರೆ, ಟೀವಿಯ ಸದ್ದನ್ನೂ ಏರಿಸುತ್ತಿದ್ದರೆ, ದೋಷ ಗಂಟಲಿನದಲ್ಲ, ಕಿವಿಯದಿರಬಹುದು. ವರ್ಷಗಟ್ಟಲೆ ಯಂತ್ರದ ಬಳಿ ನಿಂತವರಿಗೆ ಕೇಳುವ ಶಕ್ತಿ ಕುಂದುವುದುಂಟು. ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೇ ಇದೆ.

ಎರಡನೆಯ ಸಲ ಹೋದಾಗ ಅಧಿಕಾರಿ ಮಾವನಿಗೆ ಕುರ್ಚಿ ತೋರಿಸಿದರಂತೆ. ಸಾಲ ಮಾತ್ರ ಇನ್ನೂ ಆಗಿಲ್ಲ. ಪಹಣಿಯಲ್ಲಿ ಹೆಸರು ತಿದ್ದುಪಡಿ ಬಾಕಿಯಿದೆ.