ಆಲ್‌ದೋ, ಡಿಸ್ಪೈಟ್, ಹೌಎವರ್: ಮುಂದೇನಿದೆ ನೋಡಿ ಆರಿಸಿ

ಕನ್ನಡದ ‘ಮಳೆ ಬಂದರೂ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಎಂದು ಗೊಂದಲವಾದರೆ, ಆ ಪದದ ಮುಂದೆ ಏನು ಬರುತ್ತದೆ ನೋಡಿ. ಕರ್ತೃ, ಕ್ರಿಯಾಪದ ಎರಡೂ ಇದ್ದರೆ ಆಲ್‌ದೋ: ‘ಆಲ್‌ದೋ ಇಟ್ ರೇನ್ಡ್, ವಿ ಪ್ಲೇಡ್.’ ಬರೀ ನಾಮಪದ ಅಥವಾ ಐಎನ್‌ಜಿ ರೂಪವಿದ್ದರೆ ಡಿಸ್ಪೈಟ್ ಇಲ್ಲವೇ ಇನ್ ಸ್ಪೈಟ್ ಆಫ್: ‘ಡಿಸ್ಪೈಟ್ ದ ರೇನ್, ವಿ ಪ್ಲೇಡ್.’ ಆಲ್‌ದೋ ಎರಡು ವಾಕ್ಯಗಳನ್ನು ಬೆಸೆಯುವ ಕಂಜಂಕ್ಷನ್, ಉಳಿದೆರಡು ಪ್ರಿಪೊಸಿಷನ್. ಅದಕ್ಕೇ ಈ ವ್ಯತ್ಯಾಸ. ಈ ಭಾಗ ಮೊದಲು ಬಂದರೆ ನಂತರ ಕಾಮಾ ಬೇಕು. ‘ವಿ ಪ್ಲೇಡ್ ಡಿಸ್ಪೈಟ್ ದ ರೇನ್’ ಎಂದು ಕೊನೆಗೆ ಹೋದರೆ ಬೇಡ. ಹೆಚ್ಚು ಜನ ಎಡವುವುದು ಹೌಎವರ್ ಹತ್ತಿರ. ಅದು ಕ್ರಿಯಾವಿಶೇಷಣ, ವಾಕ್ಯಗಳನ್ನು ಬೆಸೆಯುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್, ಮುಂದೆ ಕಾಮಾ: ‘ಇಟ್ ರೇನ್ಡ್; ಹೌಎವರ್, ವಿ ಪ್ಲೇಡ್.’ ಹಿಂದೆಯೂ ಬರೀ ಕಾಮಾ ಹಾಕಿದರೆ ತಪ್ಪು. ಆಲ್‌ದೋ ಇದ್ದ ವಾಕ್ಯಕ್ಕೆ ‘ಬಟ್’ ಸೇರಿಸುವುದು, ‘ಡಿಸ್ಪೈಟ್ ಆಫ್’ ಎನ್ನುವುದು ನಮ್ಮಲ್ಲಿ ಮಾಮೂಲಿ, ಎರಡೂ ಬೇಡ. ಈ ಉಪಾಯ ಕೈಕೊಡುವುದು ಎರಡು ಕಡೆ. ‘ಡಿಸ್ಪೈಟ್ ದ ಫ್ಯಾಕ್ಟ್ ದಟ್’ ಆದಮೇಲೆ ಪೂರ್ತಿ ವಾಕ್ಯವೇ ಬರುತ್ತದೆ. ‘ಹೌಎವರ್ ಹಾರ್ಡ್ ಇಟ್ ರೇನ್ಡ್, ವಿ ಪ್ಲೇಡ್’ ಎಂಬಲ್ಲಿ ಹೌಎವರ್ ಅಂದರೆ ‘ಎಷ್ಟೇ’, ಹಾಗಾಗಿ ಅದರ ಪಕ್ಕ ಕಾಮಾ ಇಲ್ಲ.